ಉದ್ದನೆಯ ಪೈಪ್‌ಲೈನಿನ ವಾಲ್ವ್ ಮುಚ್ಚುವುದು ಹೇಗೆ?

"ಪೂರ್ತಿ ಇಪ್ಪತ್ತು ಸೆಕೆಂಡ್ ತೆಗೆದುಕೊಂಡೇ ಮುಚ್ಚಿದ್ದು, ಆದರೂ ಜಾಯಿಂಟ್ ಬಿಚ್ಚಿಕೊಂಡಿತು." ಪೈಪ್‌ಲೈನ್ ನೋಡಿಕೊಳ್ಳುವವರ ಬಾಯಲ್ಲಿ ಈ ಮಾತು ಆಗಾಗ ಬರುತ್ತದೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ಗಡಿಯಾರ ನೋಡಿಯೇ ಮುಚ್ಚಿರುತ್ತಾರೆ. ಆದರೆ ವಾಲ್ವಿನ ಚಕ್ರ ಇಪ್ಪತ್ತು ಸೆಕೆಂಡ್ ತಿರುಗಿದ ಮಾತ್ರಕ್ಕೆ ನೀರು ಇಪ್ಪತ್ತು ಸೆಕೆಂಡಿನಲ್ಲಿ ನಿಧಾನವಾಗಿ ನಿಂತಿತು ಎಂದಲ್ಲ. ಹರಿಯುವ ನೀರು ತಟ್ಟನೆ ನಿಂತಾಗ ಪೈಪಿಗೆ ಬೀಳುವ ಒತ್ತಡದ ಹೊಡೆತಕ್ಕೆ ವಾಟರ್ ಹ್ಯಾಮರ್ ಎನ್ನುತ್ತಾರೆ, ಅದು ಹುಟ್ಟುವುದು ಈ ಎರಡರ ನಡುವಿನ ವ್ಯತ್ಯಾಸದಲ್ಲಿ.

ಲೆಕ್ಕಕ್ಕೆ ಒಂದು ಪೈಪ್‌ಲೈನ್ ಇಟ್ಟುಕೊಳ್ಳೋಣ. ಉಕ್ಕಿನ ಪೈಪು, ಒಳವ್ಯಾಸ 300 ಮಿ.ಮೀ., ಗೋಡೆಯ ದಪ್ಪ 6 ಮಿ.ಮೀ., ಉದ್ದ 3 ಕಿಲೋಮೀಟರ್. ಮೇಲಿನ ಟ್ಯಾಂಕಿನ ನೀರಿನ ಮಟ್ಟ ವಾಲ್ವಿಗಿಂತ 50 ಮೀಟರ್ ಎತ್ತರದಲ್ಲಿದೆ. ವಾಲ್ವ್ ಕೆಳಗಿನ ಟ್ಯಾಂಕಿನ ಬುಡದಲ್ಲಿದ್ದು, ಆ ಟ್ಯಾಂಕಿನ ನೀರು ವಾಲ್ವಿಗಿಂತ 28 ಮೀಟರ್ ಮೇಲೆ ನಿಂತಿದೆ. ನಡುವಿನ 22 ಮೀಟರನ್ನು ಪೈಪಿನ ಘರ್ಷಣೆ ತಿಂದುಹಾಕುತ್ತದೆ. ನೀರಿನ ವೇಗ ಸೆಕೆಂಡಿಗೆ 1.5 ಮೀಟರ್. ವೇಗ ಕಡಿಮೆ ಅನ್ನಿಸಬಹುದು, ಆದರೆ ಪೈಪಿನೊಳಗಿರುವುದು 212 ಟನ್ ನೀರು, ಅಷ್ಟೂ ಒಟ್ಟಿಗೇ ಚಲಿಸುತ್ತಿರುತ್ತದೆ.

ಹಂತ 1: ಎರಡು ಸಂಖ್ಯೆ ಬರೆದಿಟ್ಟುಕೊಳ್ಳಿ

ವಾಲ್ವ್ ತಟ್ಟನೆ ಮುಚ್ಚಿದರೆ ಅದಕ್ಕೆ ತಾಗಿದ ನೀರು ಮಾತ್ರ ಮೊದಲು ನಿಲ್ಲುತ್ತದೆ. ಹಿಂದಿನ ನೀರು ಅದರ ಮೇಲೆ ಒತ್ತಿಕೊಳ್ಳುತ್ತದೆ, ನೀರು ತುಸು ಕುಗ್ಗುತ್ತದೆ, ಪೈಪಿನ ಗೋಡೆ ತುಸು ಹಿಗ್ಗುತ್ತದೆ. ನಿಂತ ಸುದ್ದಿ ಹೀಗೆ ಒಂದು ಒತ್ತಡದ ಅಲೆಯಾಗಿ ಹಿಂದಕ್ಕೆ ಓಡುತ್ತದೆ. ಅಗಲವಾದ ನೀರಿನಲ್ಲಿ ಈ ಅಲೆ ಸೆಕೆಂಡಿಗೆ ಸುಮಾರು 1480 ಮೀಟರ್ ಓಡುತ್ತದೆ. ಪೈಪಿನ ಗೋಡೆ ಹಿಗ್ಗುವುದರಿಂದ ನಮ್ಮ ಲೈನಿನಲ್ಲಿ ಅದು 1200 ಮೀಟರಿಗೆ ಇಳಿಯುತ್ತದೆ.

ಮೊದಲ ಸಂಖ್ಯೆ ಹೊಡೆತದ ಗಾತ್ರ. ಅಲೆಯ ವೇಗವನ್ನು ನೀರಿನ ವೇಗದಿಂದ ಗುಣಿಸಿ 9.81ರಿಂದ ಭಾಗಿಸಿ: 1200 × 1.5 ÷ 9.81 = 183 ಮೀಟರ್. ಅಂದರೆ ಅಷ್ಟು ಎತ್ತರದ ನೀರು ಒತ್ತುವಷ್ಟು ಒತ್ತಡ, ಸುಮಾರು 18 ಕೆ.ಜಿ. ಪ್ರೆಶರ್. ಇದು ಈಗಾಗಲೇ ಇರುವ 28 ಮೀಟರಿನ ಮೇಲೆ ಬೀಳುವುದರಿಂದ ಒಟ್ಟು 211 ಮೀಟರ್. ಪಿಎನ್ 16 ಫ್ಲ್ಯಾಂಜ್, ವಾಲ್ವುಗಳ ಮಿತಿ ಸುಮಾರು 160 ಮೀಟರ್. ಈ ಸೂತ್ರವನ್ನು 1898ರಲ್ಲಿ ಮಾಸ್ಕೋದ ನೀರಿನ ಕೊಳವೆಗಳ ಪ್ರಯೋಗದಿಂದ ಸಾಧಿಸಿ ತೋರಿಸಿದವರು ನಿಕೊಲಾಯ್ ಝುಕೋವ್‌ಸ್ಕಿ. ಗಮನಿಸಿ, ಇದರಲ್ಲಿ ಪೈಪಿನ ಉದ್ದವೇ ಇಲ್ಲ.

ಉದ್ದ ಬರುವುದು ಎರಡನೆಯ ಸಂಖ್ಯೆಯಲ್ಲಿ. ಅಲೆ ಮೇಲಿನ ಟ್ಯಾಂಕಿಗೆ ಹೋಗಿ, ಒತ್ತಡ ಇಳಿಸುವ ಅಲೆಯಾಗಿ ಮರಳಲು 6000 ÷ 1200 = 5 ಸೆಕೆಂಡ್ ಬೇಕು. ಅಷ್ಟರೊಳಗೆ ವಾಲ್ವ್ ಮುಚ್ಚಿಬಿಟ್ಟರೆ, ಒಂದು ಸೆಕೆಂಡಿನಲ್ಲಿ ಮುಚ್ಚಿದರೂ ಅಷ್ಟೇ, ನಾಲ್ಕು ಸೆಕೆಂಡಿನಲ್ಲಿ ಮುಚ್ಚಿದರೂ ಅಷ್ಟೇ, ಪೂರ್ತಿ 183 ಮೀಟರ್ ಬಿದ್ದೇ ಬೀಳುತ್ತದೆ. ಹಿಡಿಕೆ ಎಳೆದರೆ ಕಾಲು ಸುತ್ತಿಗೆ ಮುಚ್ಚುವ ಬಾಲ್ ವಾಲ್ವನ್ನು ಇಂಥ ಲೈನಿಗೆ ಹಾಕಲೇಬೇಡಿ.

ಪ್ಲಾಸ್ಟಿಕ್ ಪೈಪಾದರೆ ಚಿಂತೆಯಿಲ್ಲ ಎನ್ನುವವರಿಗೆ ಒಂದು ಮಾತು. ಪಿವಿಸಿಯಲ್ಲಿ ಅಲೆಯ ವೇಗ 400 ಮೀಟರ್ ಆಸುಪಾಸು, ಹೊಡೆತ 61 ಮೀಟರಿಗೆ ಇಳಿಯುತ್ತದೆ, ನಿಜ. ಆದರೆ ಅಲೆ ಹೋಗಿಬರುವ ಸಮಯ 15 ಸೆಕೆಂಡಿಗೆ ಏರುತ್ತದೆ. ಉಕ್ಕಿನಲ್ಲಿ ನಿಧಾನ ಎನ್ನಿಸುವ ಹತ್ತು ಸೆಕೆಂಡ್ ಅಲ್ಲಿ ತಟ್ಟನೆ ಮುಚ್ಚಿದ ಲೆಕ್ಕಕ್ಕೇ ಸೇರುತ್ತದೆ.

ಹಂತ 2: ನೀರು ನಿಜವಾಗಿ ಯಾವಾಗ ನಿಲ್ಲುತ್ತದೆ ಎಂದು ನೋಡಿ

ಕೆಲಸ ಕೆಡುವುದು ಇಲ್ಲೇ. 5 ಸೆಕೆಂಡಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರೆ ಹೊಡೆತ ಅದೇ ಅನುಪಾತದಲ್ಲಿ ಇಳಿಯುತ್ತದೆ ಎಂಬ ಸುಲಭ ಸೂತ್ರ ಎಲ್ಲರ ಬಳಿಯೂ ಇದೆ. ಇಪ್ಪತ್ತು ಸೆಕೆಂಡಿಗೆ 183ರ ಕಾಲುಭಾಗ, ಅಂದರೆ 46 ಮೀಟರ್. ನಿಂತ ನೀರಿನ 50 ಮೀಟರ್ ಸೇರಿಸಿದರೂ 96, ಪೈಪಿಗೆ ಯಾವ ಅಪಾಯವೂ ಇಲ್ಲ. ವಾಲ್ವ್ ತಿರುಗಿದಷ್ಟೂ ಹರಿವು ಸಮನಾಗಿ ಇಳಿಯುವುದಿದ್ದರೆ ಈ ಲೆಕ್ಕ ಸರಿ. ಆದರೆ ಹಾಗೆ ಇಳಿಯುವುದಿಲ್ಲ.

ನಮ್ಮ ಲೈನಿನಲ್ಲಿರುವುದು ಬಟರ್‌ಫ್ಲೈ ವಾಲ್ವ್ ಎಂದುಕೊಳ್ಳಿ. ಪೈಪಿನೊಳಗೆ ಹರಿವಿಗೆ ಅಡ್ಡ ತಿರುಗುವ ದುಂಡು ತಟ್ಟೆಯೇ ಇದರ ಬಾಗಿಲು, ಪೂರ್ತಿ ಮುಚ್ಚಲು ಅದು 90 ಡಿಗ್ರಿ ತಿರುಗಬೇಕು. ಮೂರು ಕಿಲೋಮೀಟರ್ ಪೈಪು ಒಡ್ಡುವ ತಡೆಯ ಗುಣಾಂಕ ಸುಮಾರು 190. ಅರ್ಧ ಮುಚ್ಚಿದ, ಅಂದರೆ 45 ಡಿಗ್ರಿ ತಿರುಗಿದ ತಟ್ಟೆಯದು ಬರೀ 19. ಬೆಟ್ಟದಷ್ಟು ತಡೆಯ ಮುಂದೆ ಇದು ಏನೇನೂ ಅಲ್ಲ, ಹರಿವು ಶೇ 5ರಷ್ಟೂ ಇಳಿಯುವುದಿಲ್ಲ. ತಟ್ಟೆ 60 ಡಿಗ್ರಿ ತಿರುಗಿದಾಗ ಅದರ ಗುಣಾಂಕ 118, ಹರಿವಿನ್ನೂ ಶೇ 79 ಉಳಿದಿದೆ. 70 ಡಿಗ್ರಿಗೆ ಬಂದಾಗ ಗುಣಾಂಕ 750ಕ್ಕೆ ಹಾರುತ್ತದೆ, ಹರಿವು ಶೇ 45. ಮೂರನೇ ಎರಡು ಭಾಗ ತಿರುಗುವವರೆಗೆ ನೀರಿಗೆ ವಾಲ್ವ್ ಇದೆ ಎಂಬುದೇ ಸರಿಯಾಗಿ ಗೊತ್ತಾಗುವುದಿಲ್ಲ, ಆಮೇಲೆ ಎಲ್ಲ ಒಟ್ಟಿಗೇ ಗೊತ್ತಾಗುತ್ತದೆ.

ಈಗ ಇಪ್ಪತ್ತು ಸೆಕೆಂಡಿನ ಲೆಕ್ಕವನ್ನು ಮತ್ತೆ ಮಾಡಿ. ಕೇಳಬೇಕಾದ ಪ್ರಶ್ನೆ ಒಂದೇ: ಕೊನೆಯ 5 ಸೆಕೆಂಡ್ ಉಳಿದಿರುವಾಗ ಎಷ್ಟು ನೀರು ಹರಿಯುತ್ತಿದೆ? ಆಗ ತಟ್ಟೆ 67.5 ಡಿಗ್ರಿಯಲ್ಲಿರುತ್ತದೆ, ಹರಿವು ಶೇ 55, ವೇಗ 0.82 ಮೀಟರ್. ಇಷ್ಟೂ ವೇಗ ಅಲೆ ಮರಳುವ ಮೊದಲೇ ಸಾಯುವುದರಿಂದ ಅದಕ್ಕೆ ಪೂರ್ತಿ ಹೊಡೆತ, 101 ಮೀಟರ್. ಆ ಹೊತ್ತಿಗೆ ಹರಿವು ಇಳಿದು ಘರ್ಷಣೆ ಕಡಿಮೆಯಾಗಿ ವಾಲ್ವಿನ ಹಿಂದಿನ ಒತ್ತಡ 43 ಮೀಟರಿಗೆ ಏರಿರುತ್ತದೆ. ಒಟ್ಟು 144. ಸುಲಭ ಸೂತ್ರದ 96 ಎಲ್ಲಿ, ಇದೆಲ್ಲಿ! ಅದೂ ಇದು ಕನಿಷ್ಠದ ಲೆಕ್ಕ, ಏಕೆಂದರೆ 212 ಟನ್ ನೀರು ವಾಲ್ವ್ ಹೇಳಿದ ತಕ್ಷಣ ವೇಗ ಇಳಿಸುವುದಿಲ್ಲ, ನಿಜವಾದ ಹರಿವು ಶೇ 55ಕ್ಕಿಂತ ಹೆಚ್ಚೇ ಇರುತ್ತದೆ. ಹೊಸ ಪೈಪು ತಡೆದೀತು. ಹಳೆಯ ಗ್ಯಾಸ್ಕೆಟ್ ತಡೆಯುತ್ತದೆಂದು ಹೇಳಲಾಗದು. ವಾಲ್ವಿನ ಹತ್ತಿರ ಒಂದು 90 ಡಿಗ್ರಿ ಬೆಂಡ್ ಇದ್ದರೆ, ನಿಂತ ನೀರಿನಲ್ಲಿ ಅದನ್ನು ಹೊರಕ್ಕೆ ತಳ್ಳುವ ಬಲ 5 ಟನ್. 144 ಮೀಟರಿನಲ್ಲಿ ಅದೇ ಬೆಂಡಿನ ಮೇಲೆ 14 ಟನ್ ಬೀಳುತ್ತದೆ. ಜಾಯಿಂಟ್ ಬಿಚ್ಚಿಕೊಳ್ಳುವುದು ಬೆಂಡಿನ ಪಕ್ಕದಲ್ಲೇ ಯಾಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಗೇಟ್ ವಾಲ್ವಿನ ಗುಣವೂ ಇಂಥದ್ದೇ, ಅದರ ನಿಜವಾದ ಕೆಲಸ ಇನ್ನೂ ಕೊನೆಗೆ ಸರಿದಿರುತ್ತದೆ.

ಹಂತ 3: ಎರಡು ವೇಗದಲ್ಲಿ ಮುಚ್ಚಿ

ಮೊದಲ 60 ಡಿಗ್ರಿಯನ್ನು 20 ಸೆಕೆಂಡಿನಲ್ಲಿ ಮುಗಿಸಿ, ಉಳಿದ 30 ಡಿಗ್ರಿಗೆ 60 ಸೆಕೆಂಡ್ ಕೊಡಿ. ಗಿಯರ್‌ಬಾಕ್ಸಿನ ಚಕ್ರ 15 ಸುತ್ತಿಗೆ ಪೂರ್ತಿ ಮುಚ್ಚುವುದಾದರೆ, ಹತ್ತು ಸುತ್ತು ತಲಾ 2 ಸೆಕೆಂಡ್, ಕೊನೆಯ ಐದು ಸುತ್ತು ತಲಾ 12 ಸೆಕೆಂಡ್. ಸುತ್ತಿಗೆ 12 ಸೆಕೆಂಡ್ ಎಂದರೆ ಕೈಗೆ ಬೇಸರ ಬರುವಷ್ಟು ನಿಧಾನ. ಕಾಲು ಸುತ್ತು ತಿರುಗಿಸಿ ಮೂರು ಎಣಿಸಿ. ಹೀಗೆ ಮುಚ್ಚಿದರೆ ನಿಂತ ನೀರಿನ 50 ಮೀಟರಿನ ಮೇಲೆ ಏರುವುದು 15ರಿಂದ 20 ಮೀಟರ್ ಅಷ್ಟೇ. ಹತ್ತನೇ ಸುತ್ತಿನ ಜಾಗವನ್ನು ಗಿಯರ್‌ಬಾಕ್ಸಿನ ಸೂಚಕದ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಮಾಡಿ, ಎಣಿಕೆ ತಪ್ಪುವುದು ಸಹಜ.

ಮೋಟಾರಿನ ಆ್ಯಕ್ಚುಯೇಟರ್ ಇದ್ದರೆ ಕೊನೆಯ ಭಾಗಕ್ಕೆ ವೇಗ ಇಳಿಸಿಕೊಳ್ಳುವಂಥದ್ದನ್ನೇ ಕೊಳ್ಳಿ. ಒಂದೇ ವೇಗದ ಮೋಟಾರನ್ನು ಟೈಮರ್ ಹಾಕಿ ತಡೆದು ತಡೆದು ಓಡಿಸುವ ಅಡ್ಡದಾರಿ ಅಗ್ಗವಾದರೂ ಅದರಲ್ಲೊಂದು ಬಲೆಯಿದೆ. 90 ಡಿಗ್ರಿಗೆ 20 ಸೆಕೆಂಡ್ ತೆಗೆದುಕೊಳ್ಳುವ ಮೋಟಾರನ್ನು ಒಂದು ಸೆಕೆಂಡ್ ಓಡಿಸಿ ಎಂಟು ಸೆಕೆಂಡ್ ನಿಲ್ಲಿಸಿದರೆ 30 ಡಿಗ್ರಿಗೆ ಹತ್ತಿರ ಹತ್ತಿರ ಒಂದು ನಿಮಿಷ ಬರುತ್ತದೆ, ನೋಡಲು ಅಚ್ಚುಕಟ್ಟು. ಆದರೆ ಈ ಲೈನಿನಲ್ಲಿ ಒತ್ತಡ ಏರಿ, ಇಳಿದು, ಮತ್ತೆ ಏರುವ ಒಂದು ಸುತ್ತಿಗೆ 10 ಸೆಕೆಂಡ್ ಬೇಕು. ಒಂಬತ್ತು ಸೆಕೆಂಡಿಗೊಮ್ಮೆ ಕೊಡುವ ತಳ್ಳು ಅದರ ಜೊತೆ ತಾಳ ಹಾಕಿ, ಜೋಕಾಲಿ ತೂಗಿದಂತೆ ಅಲೆಯನ್ನು ಬೆಳೆಸುತ್ತದೆ.

ಹಂತ 4: ಅಳೆದು ನೋಡಿ

ಸಾಮಾನ್ಯ ಮುಳ್ಳಿನ ಗೇಜನ್ನು ನಂಬಿ ಕೂರಬೇಡಿ, ಮುಳ್ಳು ಚುರುಕಾದ ಏರಿಕೆಯನ್ನು ಹಿಡಿಯುವುದಿಲ್ಲ. ಸೆಕೆಂಡಿಗೆ ನೂರು ಬಾರಿಯಾದರೂ ದಾಖಲಿಸುವ ಪ್ರೆಶರ್ ಸೆನ್ಸರನ್ನು ವಾಲ್ವಿನ ಹಿಂಬದಿಗೆ, ಅಂದರೆ ಮೇಲಿನ ಟ್ಯಾಂಕಿನ ಕಡೆಗೆ, ಗಾಳಿ ಉಳಿಯದಂತೆ ಜೋಡಿಸಿ. ವಾಲ್ವ್ ಮುಚ್ಚಿದ ಮೇಲೂ ಒಂದು ನಿಮಿಷ ದಾಖಲೆ ಓಡಲಿ. ಏರಿದ್ದು ಎಷ್ಟು ಎಂಬುದರ ಜೊತೆಗೆ ಆಮೇಲೆ ಎಷ್ಟು ಇಳಿಯಿತು ಎಂಬುದೂ ಬೇಕು, ಮರಳಿದ ಅಲೆ ಒತ್ತಡವನ್ನು ಅಷ್ಟೇ ಕೆಳಕ್ಕೂ ಎಳೆಯುತ್ತದೆ. ತಟ್ಟನೆ ಮುಚ್ಚಿದ ಲೈನಿನಲ್ಲಿ ಅದು 50ರಿಂದ 183 ಮೀಟರ್ ಇಳಿಯಲು ಹೊರಟು, ನಿರ್ವಾತದ ಅಂಚಿನಲ್ಲಿ ನೀರು ವಾಲ್ವಿನಿಂದ ಕಿತ್ತುಕೊಂಡು ಹೋಗುತ್ತದೆ. ಆ ಖಾಲಿ ಜಾಗ ಮತ್ತೆ ಮುಚ್ಚುವಾಗ ಎರಡನೆಯ ಢಣ್ ಸದ್ದು ಕೇಳುತ್ತದೆ. ಮುಚ್ಚಿ ಕೆಲವು ಸೆಕೆಂಡ್ ಕಳೆದ ಮೇಲೆ ಸದ್ದು ಬಂದರೆ ಕಾರಣ ಇದೇ ಇರಬಹುದು ಎಂದು ತಿಳಿಯಿರಿ.

ಹಂತ 5: ಕೈ ತಪ್ಪಿದರೆ ಎಂದು ಒಂದು ರಿಲೀಫ್ ವಾಲ್ವ್

ಗಿಯರಿನ ಕೀ ಮುರಿದರೆ ಬಟರ್‌ಫ್ಲೈ ತಟ್ಟೆಯನ್ನು ಹರಿವೇ ಎಳೆದು ಮುಚ್ಚಿಬಿಡಬಹುದು. ಆ ದಿನಕ್ಕಾಗಿ ವಾಲ್ವಿನ ಹಿಂಬದಿಗೆ ತೀರಾ ಹತ್ತಿರದಲ್ಲಿ ಸರ್ಜ್ ರಿಲೀಫ್ ವಾಲ್ವ್ ಬೇಕು. ನಮ್ಮ ಲೈನಿಗೆ ಅದನ್ನು 80 ಮೀಟರಿಗೆ ತೆರೆಯುವಂತೆ ಕೂಡಿಸಿ, ಮಾಮೂಲಿ ಮುಚ್ಚುವಿಕೆಯ 70ಕ್ಕೆ ಅದು ಬಾಯಿ ಬಿಡಬಾರದು. ಪೂರ್ತಿ ಹರಿವಾದ ಸೆಕೆಂಡಿಗೆ 106 ಲೀಟರ್ ನೀರನ್ನು ಹೊರಹಾಕುವಷ್ಟು ದೊಡ್ಡದಿರಲಿ. ಮನೆಯ ನಲ್ಲಿಗೆ ಕೂಡಿಸುವ ಅಂಗೈಯಗಲದ ಹ್ಯಾಮರ್ ಅರೆಸ್ಟರನ್ನು ಇಂಥ ಲೈನಿಗೆ ಮಾರುವವರಿದ್ದಾರೆ. ಅದರೊಳಗಿನ ಹಿಡಿಯಷ್ಟು ಗಾಳಿ 212 ಟನ್ ನೀರಿಗೆ ಯಾವ ಲೆಕ್ಕವೂ ಅಲ್ಲ.

ರಿಲೀಫ್ ವಾಲ್ವ್ ತಟ್ಟನೆ ತೆರೆಯಬೇಕು, ನಿಧಾನವಾಗಿ ಮುಚ್ಚಬೇಕು. ತಟ್ಟನೆ ಮುಚ್ಚಿದರೆ ಅದೇ ಇನ್ನೊಂದು ವಾಟರ್ ಹ್ಯಾಮರ್ ಹುಟ್ಟಿಸುತ್ತದೆ. ಒತ್ತಡ ಏರಿದ್ದನ್ನು ಗುರುತಿಸಿ ರಿಲೀಫ್ ವಾಲ್ವನ್ನು ನಡೆಸುವ ಚಿಕ್ಕ ವಾಲ್ವಿಗೆ ಪೈಲಟ್ ಎನ್ನುತ್ತಾರೆ. ಮುಚ್ಚುವ ವೇಗವನ್ನು ಅದರ ಕೊಳವೆಯ ಸೂಜಿ ವಾಲ್ವಿನಿಂದ ಹೊಂದಿಸಿಕೊಳ್ಳಿ. ಆ ಕೊಳವೆಯ ಬಾಯಲ್ಲಿ ಬೆರಳುದ್ದದ ಜಾಲರಿಯೊಂದು ಇರುತ್ತದೆ. ಅದರಲ್ಲಿ ಹೂಳು ಕಟ್ಟಿದರೆ ಪೈಲಟ್ಟಿಗೆ ಒತ್ತಡ ಏರಿದ್ದು ಹೊತ್ತಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಿರಿ, ಮಳೆಗಾಲದ ಕೆಂಪು ನೀರು ಬರುವಾಗ ವಾರಕ್ಕೊಮ್ಮೆ.