‘ಕೊಯ್ಲು ಮುಗೀಲಿ, ನೋಡೋಣ’ ಅಂದವರಿಗೆ ನಾನು ಏನು ಮಾಡಿದೆ

ಚಿಕ್ಕಮಗಳೂರಿನಲ್ಲಿ ನನ್ನದೊಂದು ಸಣ್ಣ ಕೆಲಸ. ಕಾಫಿ ತೋಟಗಳಿಗೆ ಹೋಗಿ ಮಣ್ಣಿನ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸುತ್ತೇನೆ. ರಿಪೋರ್ಟ್ ಬಂದ ಮೇಲೆ ಯಾವ ಬ್ಲಾಕಿಗೆ ಎಷ್ಟು ಸುಣ್ಣ, ಯಾವ ಗೊಬ್ಬರ ಅಂತ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡುತ್ತೇನೆ. ಹೋದ ನವೆಂಬರ್‌ನಲ್ಲಿ 214 ಬೆಳೆಗಾರರಿಗೆ ‘ಮಣ್ಣು ಪರೀಕ್ಷೆ ಮಾಡಿಸ್ತೀರಾ?’ ಅಂತ ವಾಟ್ಸಾಪ್ ಮೆಸೇಜ್ ಕಳಿಸಿದೆ. ಎಲ್ಲರೂ ನಮ್ಮ ಸ್ಟಾಲಿಗೆ ಬಂದು, ‘ಮೆಸೇಜ್ ಮಾಡಿ’ ಅಂತ ತಾವೇ ನಂಬರ್ ಬರೆದುಕೊಟ್ಟವರು. ನಾಲ್ಕು ದಿನದಲ್ಲಿ 38 ಉತ್ತರ ಬಂತು.

ಅದರ ಹಿಂದಿನ ವರ್ಷವೂ ಹೀಗೇ ಉತ್ತರಗಳು ಬಂದಿದ್ದವು. ಆಗ ಫೋನಿನಲ್ಲಿ ಮೇಲಿಂದ ಕೆಳಗೆ ಓದುತ್ತಾ, ಕಂಡಕಂಡವರಿಗೆ ಒಂದೇ ತರಹ ಉತ್ತರ ಹಾಕುತ್ತಾ ಹೋದೆ. ವಾರ ಕಳೆಯುವಷ್ಟರಲ್ಲಿ ಯಾರಿಗೆ ಏನು ಹೇಳಿದ್ದೆ ಅನ್ನೋದೇ ಮರೆತುಹೋಯಿತು. ಹಾಗಾಗಿ ಈ ಸಲ ಉತ್ತರ ಬರೆಯುವ ಮೊದಲು ಎಲ್ಲವನ್ನೂ ಒಂದು ಶೀಟಿಗೆ ಹಾಕಿ, ನಾಲ್ಕು ಗುಂಪು ಮಾಡಿದೆ: ಆಸಕ್ತಿ, ಆಮೇಲೆ, ಬೇರೆಯವರು, ತಕರಾರು. ‘ಇನ್ನು ಮೆಸೇಜ್ ಮಾಡಬೇಡಿ’ ಅಂದವರು ಇಬ್ಬರಿದ್ದರು. ಅವರು ಈ ನಾಲ್ಕರಲ್ಲಿ ಸೇರುವುದಿಲ್ಲ. ‘ಆಗಲಿ ಸರ್’ ಅಂತ ಒಂದು ಸಾಲು ಬರೆದು, ನಂಬರನ್ನು ಪಟ್ಟಿಯಿಂದ ತೆಗೆದೆ.

ಗುಂಪು ಮಾಡುವಾಗ ನಮ್ಮ ಅಕ್ಕನ ಮಗಳನ್ನು ಜೊತೆಗೆ ಕೂರಿಸಿಕೊಂಡೆ. ಅವಳೊಂದು ಪಟ್ಟಿ, ನಾನೊಂದು ಪಟ್ಟಿ. ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂಬತ್ತು ಉತ್ತರಗಳಲ್ಲಿ ನಮ್ಮಿಬ್ಬರಿಗೆ ಹೊಂದಿಕೆ ಇರಲಿಲ್ಲ. ಅದರಲ್ಲಿ ಜಾಸ್ತಿ ‘ಆಯ್ತು ನೋಡೋಣ’, ‘ಒಳ್ಳೇದು ಸರ್, ತಿಳಿಸ್ತೀವಿ’ ತರಹದವು. ನಾನು ಅವನ್ನೆಲ್ಲ ಆಸಕ್ತಿಗೆ ಹಾಕಿದ್ದೆ. ಅವಳು ಕೇಳಿದಳು, “ಮಾಮ, ಇದರಲ್ಲಿ ಅವರು ಏನು ಕೇಳಿದ್ದಾರೆ?” ಏನೂ ಕೇಳಿರಲಿಲ್ಲ. ನಮ್ಮ ಕಡೆ ಜನ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನೋದಿಲ್ಲ, ಅಲ್ವಾ? ಮರ್ಯಾದೆಗೆ ಬರೆದ ಮಾತನ್ನು ನಾನು ಒಪ್ಪಿಗೆ ಅಂದುಕೊಂಡಿದ್ದೆ.

ಅವತ್ತಿನಿಂದ ಉತ್ತರದಲ್ಲಿ ಮೂರು ಹುಡುಕುತ್ತೇವೆ: ಒಂದು ಪ್ರಶ್ನೆ, ಒಂದು ಕಾರಣ, ಒಂದು ಸಮಯ. ‘ರೇಟ್ ಎಷ್ಟು?’, ‘ಎಷ್ಟು ದಿನಕ್ಕೆ ರಿಪೋರ್ಟ್ ಬರುತ್ತೆ?’ ಅಂತ ಪ್ರಶ್ನೆ ಇದ್ದರೆ ಆಸಕ್ತಿ. ಬೇಡ ಅನ್ನೋದಕ್ಕೆ ಕಾರಣ ಇದ್ದರೆ ತಕರಾರು. ಸಮಯ ಇದ್ದರೆ ಆಮೇಲೆ. ತೋಟ ನೋಡಿಕೊಳ್ಳುವುದು ತಾವಲ್ಲ ಅಂದರೆ ಬೇರೆಯವರು. ಮೂರೂ ಇಲ್ಲದ ‘ನೋಡೋಣ’ ಕೂಡ ಆಮೇಲೆ ಗುಂಪಿಗೇ ಹೋಗುತ್ತದೆ, ಆದರೆ ಅವರಿಗೆ ಒಂದೇ ಒಂದು ಸಲ ನೆನಪು ಮಾಡುತ್ತೇನೆ. ಅದಕ್ಕೂ ಉತ್ತರ ಬರಲಿಲ್ಲ ಅಂದರೆ ಬಿಟ್ಟುಬಿಡುತ್ತೇನೆ. ಹೀಗೆ ಮತ್ತೆ ವಿಂಗಡಿಸಿದಾಗ ಆಸಕ್ತಿ 7, ಆಮೇಲೆ 17, ಬೇರೆಯವರು 5, ತಕರಾರು 7 ಆಯಿತು.

ಆಸಕ್ತಿಯ ಏಳು ಜನರ ಬಗ್ಗೆ ಹೇಳುವುದು ಕಡಿಮೆ. ಅವತ್ತೇ ಉತ್ತರ ಕೊಡಬೇಕು, ಕೇಳಿದ್ದನ್ನು ಮೊದಲ ಸಾಲಿನಲ್ಲೇ ಹೇಳಬೇಕು. ಮೊದಲ ವರ್ಷ ರೇಟ್ ಕೇಳಿದವರಿಗೆ ನಾನು ‘ಫೋನ್‌ನಲ್ಲಿ ಮಾತಾಡೋಣವಾ ಸರ್’ ಅಂತ ಬರೆಯುತ್ತಿದ್ದೆ. ರೇಟ್ ಮುಚ್ಚಿಡುತ್ತಿದ್ದಾನೆ ಅಂತ ಅವರಿಗೆ ಅನಿಸಿರಬೇಕು, ಅಲ್ಲಿಗೇ ಮಾತು ನಿಂತುಹೋಗುತ್ತಿತ್ತು. ಈಗ ಒಂದು ಬ್ಲಾಕಿಗೆ ಎಷ್ಟು ಅಂತ ನೇರವಾಗಿ ಬರೆದು, ಕೆಳಗೆ ‘ಗುರುವಾರ ಬರಲಾ, ಶನಿವಾರ ಬರಲಾ?’ ಅಂತ ಎರಡು ದಿನ ಕೊಡುತ್ತೇನೆ.

ನಿಜವಾದ ಕೆಲಸ ಇರುವುದು ‘ಆಮೇಲೆ’ ಅಂದವರಲ್ಲಿ. ನಾನು ಮೆಸೇಜ್ ಕಳಿಸಿದ್ದೇ ನವೆಂಬರ್‌ನಲ್ಲಿ. ಅರೇಬಿಕಾ ಕೊಯ್ಲು ಶುರುವಾಗಿ, ಆಳು ಸಿಗದೆ, ಕಣದಲ್ಲಿ ಕಾಫಿ ಹರಡಿಕೊಂಡು, ಮೋಡ ನೋಡುತ್ತಾ ಕೂತಿರುವ ಹೊತ್ತು. ‘ಕೊಯ್ಲು ಮುಗೀಲಿ’ ಅಂತ ಹನ್ನೊಂದು ಜನ ಬರೆದರು. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕೊಯ್ಲು ಮುಗಿಯುವುದು ಎಲ್ಲರಿಗೂ ಒಂದೇ ದಿನ ಅಲ್ಲ. ಬಾಬಾಬುಡನ್‌ಗಿರಿ ಕಡೆ ಬರೀ ಅರೇಬಿಕಾ ಇರುವವರಿಗೆ ಜನವರಿ ಕೊನೆಗೆ ಕೈ ಬಿಡುವಾಗಬಹುದು. ಮೂಡಿಗೆರೆ ಕಡೆ ರೊಬಸ್ಟಾ ಇದ್ದರೆ ಫೆಬ್ರವರಿ ದಾಟುತ್ತದೆ. ಅದರ ಹಿಂದೆಯೇ ಕಾಳುಮೆಣಸು ಬರುತ್ತದೆ. ಹಾಗಾಗಿ ‘ಕೊಯ್ಲು ಮುಗೀಲಿ’ ಅಂದವರಿಗೆಲ್ಲ ಒಂದು ಸಣ್ಣ ಪ್ರಶ್ನೆ ಕಳಿಸಿದೆ: “ಆಗಲಿ ಸರ್, ಕೊಯ್ಲಿನ ಹೊತ್ತಲ್ಲಿ ತೊಂದರೆ ಕೊಡಲ್ಲ. ನಿಮ್ಮದು ಅರೇಬಿಕಾನಾ, ರೊಬಸ್ಟಾನಾ? ಕೊನೇ ಸುತ್ತು ಯಾವಾಗ ಮುಗೀಬಹುದು?” ಇದಕ್ಕೆ ಉತ್ತರ ಬರೆಯಲು ಅವರಿಗೆ ಅರ್ಧ ನಿಮಿಷ ಸಾಕು. ನನಗೆ ಒಂದು ತಾರೀಖು ಸಿಗುತ್ತದೆ.

ಇದಕ್ಕೆ ಇನ್ನೊಂದು ತುದಿಯೂ ಇದೆ. ಗೊಬ್ಬರವನ್ನೋ ಸುಣ್ಣವನ್ನೋ ಹಾಕಿದ ಹೊಸದರಲ್ಲಿ ಮಣ್ಣು ತೆಗೆದರೆ ರಿಪೋರ್ಟ್ ಸರಿಯಾಗಿ ಬರುವುದಿಲ್ಲ. ‘ಹೂಮಳೆ ಆಗಲಿ, ನೋಡೋಣ’ ಅಂತ ಮೂವರು ಬರೆದಿದ್ದರು. ಕಾಫಿ ಹೂ ಅರಳಿಸುವ ಆ ಮಳೆ ಬಂದ ಮೇಲೆ ಎಲ್ಲರೂ ಗೊಬ್ಬರದ ಕಡೆ ಓಡುತ್ತಾರೆ. ಆಮೇಲೆ ನಾನು ಹೋದರೂ ಪ್ರಯೋಜನ ಇಲ್ಲ. ಆ ಮೂವರಿಗೆ ಇದನ್ನೇ ಬಿಡಿಸಿ ಬರೆದೆ: “ಹೂಮಳೆ ಆಗಿ ಗೊಬ್ಬರ ಹಾಕಿದ ಮೇಲೆ ತೆಗೆದರೆ ನಿಮ್ಮ ದುಡ್ಡು ದಂಡ. ಮಳೆಗೆ ಮುಂಚೆ ಅರ್ಧ ದಿನ ಕೊಟ್ಟರೆ ಸಾಕು.” ಇಬ್ಬರು ದಿನವನ್ನು ಮಳೆಗೆ ಮುಂಚೆಗೆ ತಂದರು. ಒಬ್ಬರು ಮುಂದಿನ ವರ್ಷ ಅಂದರು. ಅವರ ಹೆಸರಿನ ಮುಂದೆ ಮುಂದಿನ ಜನವರಿಯ ತಾರೀಖು ಹಾಕಿಟ್ಟಿದ್ದೇನೆ.

ಮಿಕ್ಕ ಮೂವರು ಸಮಯವನ್ನೇ ಹೇಳದೆ ‘ನೋಡೋಣ’ ಅಂದವರು. ಅವರಿಗೆ ಫೆಬ್ರವರಿಯಲ್ಲಿ ಒಂದು ನೆನಪು, ಅಷ್ಟೇ.

ಈ ತಾರೀಖಿನ ವಿಷಯದಲ್ಲೇ ನಾನು ಮೊದಲ ವರ್ಷ ಪೆಟ್ಟು ತಿಂದಿದ್ದೆ. ಗೂಗಲ್ ಶೀಟಿನಲ್ಲಿ ಅವತ್ತಿನ ಕೆಲಸ ಮತ್ತು ಅದಕ್ಕೂ ಹಿಂದೆ ಉಳಿದ ಕೆಲಸವನ್ನಷ್ಟೇ ತೋರಿಸುವ ಒಂದು ಸೂತ್ರ ಹಾಕಿಕೊಂಡಿದ್ದೆ. ಈಗಲೂ ಅದನ್ನೇ ಬಳಸುತ್ತೇನೆ. ಉತ್ತರಗಳ ಶೀಟಿನ ಹೆಸರು Replies, ಮುಂದಿನ ಹೆಜ್ಜೆಯ ತಾರೀಖು F ಕಾಲಂನಲ್ಲಿದೆ:

```
=FILTER(Replies!A2:F, Replies!F2:F<>"", Replies!F2:F<=TODAY())
```

ಮೊದಲ ವರ್ಷ F ಕಾಲಂನಲ್ಲಿ ‘ಕೊಯ್ಲು ಆದ ಮೇಲೆ’, ‘ಮಾರ್ಚ್ ಹೊತ್ತಿಗೆ’ ಅಂತ ಮಾತಿನಲ್ಲೇ ಬರೆದಿದ್ದೆ. ಶೀಟಿಗೆ ಅದು ತಾರೀಖು ಅಂತ ಗೊತ್ತಾಗುವುದಿಲ್ಲ. ಬರೀ ಅಕ್ಷರ ಅಂತ ತಿಳಿದು, ಪಟ್ಟಿಯಲ್ಲಿ ಎಂದೂ ಮೇಲೆ ತರುವುದಿಲ್ಲ. ಎಂಟು ಜನ ಹಾಗೇ ಉಳಿದುಹೋದರು. ಏಪ್ರಿಲ್‌ನಲ್ಲಿ ಬೇರೆ ಏನೋ ಹುಡುಕುವಾಗ ಕಣ್ಣಿಗೆ ಬಿದ್ದರು, ಅಷ್ಟರಲ್ಲಿ ಎಲ್ಲರ ತೋಟಕ್ಕೂ ಗೊಬ್ಬರ ಬಿದ್ದಾಗಿತ್ತು. ಈಗ ಅಂದಾಜಾದರೂ ಸರಿ, ಒಂದು ತಾರೀಖನ್ನೇ ಹಾಕುತ್ತೇನೆ. ಅವರ ಮಾತನ್ನು ಅವರು ಬರೆದ ಹಾಗೇ ಪಕ್ಕದ ಕಾಲಂನಲ್ಲಿ ಇಡುತ್ತೇನೆ. ಮೂರು ತಿಂಗಳಾದ ಮೇಲೆ ‘ಕೊನೇ ಸುತ್ತು ಮುಗೀಲಿ ಅಂದಿದ್ರಿ’ ಅಂತ ಅವರ ಮಾತಿನಿಂದಲೇ ಶುರು ಮಾಡಬಹುದು.

ತಕರಾರಿನ ಏಳರಲ್ಲಿ ನಾಲ್ಕು ಒಂದೇ ತರಹದವು: ‘ನಾವು ಬಾಳೆಹೊನ್ನೂರಲ್ಲೇ ಮಾಡಿಸ್ತೀವಿ.’ ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ 1925ರಿಂದ ಇದೆ. ಅದರ ಎದುರು ನನ್ನದೇ ಚೆನ್ನಾಗಿದೆ ಅನ್ನೋದು ತಪ್ಪು, ಹಾಗೆ ನಾನು ಅಂದುಕೊಂಡೂ ಇಲ್ಲ. “ಅಲ್ಲೇ ಮಾಡಿಸಿ ಸರ್, ಒಳ್ಳೇದು. ಸ್ಯಾಂಪಲ್ ಯಾರು ತೆಗೀತಾರೆ?” ಅಂತ ಮಾತ್ರ ಕೇಳಿದೆ. ಲ್ಯಾಬ್ ಎಷ್ಟೇ ಚೆನ್ನಾಗಿದ್ದರೂ, ಆಳು ಒಂದೇ ಕಡೆ ಅಗೆದು ಚೀಲಕ್ಕೆ ತುಂಬಿದರೆ ಆ ಒಂದು ಗುಂಡಿಯ ರಿಪೋರ್ಟ್ ಬರುತ್ತದೆಯೇ ಹೊರತು ತೋಟದ್ದಲ್ಲ. ಬ್ಲಾಕಿನ ತುಂಬ ಹತ್ತು ಹದಿನೈದು ಕಡೆ, ಮೇಲಿನ ತರಗೆಲೆ ಸರಿಸಿ, ಒಂಬತ್ತು ಇಂಚು ಆಳಕ್ಕೆ ತೆಗೆದು, ಬೆರೆಸಿ, ಅದರಲ್ಲಿ ಅರ್ಧ ಕೆಜಿ ಕಳಿಸಬೇಕು. ನಾಲ್ವರಲ್ಲಿ ಇಬ್ಬರು ಸ್ಯಾಂಪಲ್ ತೆಗೆಯುವ ಕೆಲಸ ಮಾತ್ರ ನನಗೆ ಕೊಟ್ಟು, ಪರೀಕ್ಷೆ ಅಲ್ಲೇ ಮಾಡಿಸಿದರು. ಇಬ್ಬರು ‘ನಮ್ಮ ಮೇಸ್ತ್ರಿಗೆ ಗೊತ್ತು’ ಅಂದರು. ಅಲ್ಲಿಗೆ ನಿಲ್ಲಿಸಿದೆ. ತಕರಾರಿಗೆ ಒಂದು ಉತ್ತರ ಕೊಡುತ್ತೇನೆ, ಎರಡನೇ ಸಲ ಬೇಡ ಅಂದರೆ ಸುಮ್ನಿರುತ್ತೇನೆ.

ಒಬ್ಬರು ಸ್ವಲ್ಪ ಕೋಪದಲ್ಲೇ ಬರೆದಿದ್ದರು: ‘ಹಿಂದೆ ಒಂದ್ ಸಲ ಮಾಡ್ಸಿದ್ವಿ, ರಿಪೋರ್ಟ್ ಓದಿದ್ರೆ ಏನೂ ಅರ್ಥ ಆಗ್ಲಿಲ್ಲ.’ ಅದು ಕೂಡ ತಕರಾರೇ. ಆದರೆ ನನ್ನ ಹಾಳೆ ಯಾರಿಗೆ ಬೇಕೋ ಅವರೇ ಇವರು. “ಆ ಹಳೇ ರಿಪೋರ್ಟಿನ ಫೋಟೋ ಕಳಿಸಿ, ಓದಿ ಹೇಳ್ತೀನಿ, ದುಡ್ಡು ಬೇಡ” ಅಂದೆ. ಫೋಟೋ ಬಂತು. ಮಣ್ಣು ಹುಳಿ ಜಾಸ್ತಿ ಇತ್ತು, ಅವರು ಸುಣ್ಣವನ್ನೇ ಹಾಕಿರಲಿಲ್ಲ. ಜನವರಿಯಲ್ಲಿ ಅವರೇ ಫೋನ್ ಮಾಡಿದರು.

ಒಂದೇ ಉತ್ತರದಲ್ಲಿ ಎರಡು ಮಾತು ಇರುವುದೂ ಉಂಟು. ‘ಕೊಯ್ಲು ಆಗ್ಲಿ, ಆದ್ರೂ ರೇಟ್ ಜಾಸ್ತಿ ಆಯ್ತು ನಿಮ್ದು.’ ಇದನ್ನು ಅಕ್ಕನ ಮಗಳು ಆಮೇಲೆ ಗುಂಪಿಗೆ ಹಾಕಿದ್ದಳು. ಇಲ್ಲಿ ಮಾತ್ರ ನಾನು ಒಪ್ಪಲಿಲ್ಲ. ರೇಟಿನ ಮಾತನ್ನು ಹಾಗೇ ಬಿಟ್ಟು ಫೆಬ್ರವರಿಗೆ ಕಾದರೆ, ಫೆಬ್ರವರಿಯಲ್ಲೂ ಅವರು ಅದನ್ನೇ ಹೇಳುತ್ತಾರೆ. ಆದ್ದರಿಂದ ತಕರಾರಿಗೆ ಈಗಲೇ ಉತ್ತರ, ಭೇಟಿಗೆ ಆಮೇಲಿನ ತಾರೀಖು. “ಇಡೀ ತೋಟ ಬೇಡ ಸರ್, ಇಳುವರಿ ಕಡಿಮೆ ಇರೋ ಒಂದು ಬ್ಲಾಕ್ ಸಾಕು” ಅಂತ ಬರೆದೆ.

ಬೇರೆಯವರಿಗೆ ಹೋದ ಮೆಸೇಜ್ ಐದು. ಇವನ್ನು ನಾನು ಮೊದಲೆಲ್ಲ ಸುಮ್ನೆ ಅಳಿಸಿಬಿಡುತ್ತಿದ್ದೆ. ಒಂದರ ಕತೆ ಹೇಳುತ್ತೇನೆ. ‘ನಾನು ಬೆಂಗಳೂರಲ್ಲಿದ್ದೀನಿ, ತೋಟ ಅಪ್ಪ ನೋಡ್ಕೊಳ್ತಾರೆ’ ಅಂತ ಒಬ್ಬ ಹುಡುಗ ಬರೆದ. ಅವನಿಗೆ ಮಣ್ಣಿನ ವಿಷಯ ಒಂದಕ್ಷರವೂ ಬರೆಯಲಿಲ್ಲ. “ತಂದೆಯವರಿಗೆ ಯಾವ ಹೊತ್ತಲ್ಲಿ ಫೋನ್ ಮಾಡಬಹುದು? ನೀವು ಹೇಳಿದ್ರಿ ಅಂತ ಹೇಳಬಹುದಾ?” ಅಂತ ಎರಡೇ ಕೇಳಿದೆ. ನಂಬರ್ ಕೊಟ್ಟು, ಸಂಜೆ ಏಳರ ಮೇಲೆ ಮಾಡಿ ಅಂದ. ಫೋನ್ ಎತ್ತಿದ ಕೂಡಲೇ ಮಗನ ಹೆಸರು ಹೇಳಿದೆ. ಹಿರಿಯರು ಸಮಾಧಾನವಾಗಿ ಕೇಳಿಸಿಕೊಂಡು, “ನಮ್ಮ ರೈಟರ್ ಹತ್ರ ಮಾತಾಡಿ, ಬ್ಲಾಕ್ ಲೆಕ್ಕ ಎಲ್ಲ ಅವನಿಗೇ ಗೊತ್ತು” ಅಂದರು.

ಇಲ್ಲಿ ಎಡವುವುದು ಸುಲಭ. ತೋಟದ ವಿವರ ಲೆಕ್ಕ ಬರೆಯುವ ರೈಟರ್ ಹತ್ತಿರ ಇರುತ್ತದೆ, ದುಡ್ಡಿನ ತೀರ್ಮಾನ ಸಾಹುಕಾರರದ್ದು. ರೈಟರ್ ಒಬ್ಬರ ಹತ್ತಿರವೇ ಮಾತಾಡಿ ದಿನ ಗೊತ್ತು ಮಾಡಿಕೊಂಡು ಹೋದರೆ, ಗೇಟಿನ ಹತ್ತಿರ ‘ಸಾಹುಕಾರ್ರು ಹೇಳಿಲ್ಲ’ ಅನ್ನುತ್ತಾರೆ. ನನಗೆ ಒಮ್ಮೆ ಹಾಗೆ ಆಗಿದೆ. ಅದಕ್ಕೇ ಶೀಟಿನಲ್ಲಿ ಆ ತೋಟಕ್ಕೆ ಮೂರು ಸಾಲು ಮಾಡಿದೆ: ಮಗ, ತಂದೆ, ರೈಟರ್. ಮಗನ ಸಾಲನ್ನು ಅಳಿಸಲಿಲ್ಲ, ‘ಇವರಿಗೆ ಕಳಿಸಬೇಡ, ತಂದೆಗೆ ಕಳಿಸು’ ಅಂತ ಗುರುತು ಹಾಕಿದೆ. ಅಳಿಸಿಬಿಟ್ಟರೆ ಆ ಗುರುತೂ ಹೋಗುತ್ತದೆ. ಮುಂದಿನ ನವೆಂಬರ್‌ನಲ್ಲಿ ಸ್ಟಾಲಿನ ಹಳೇ ಪುಸ್ತಕದಿಂದ ನಂಬರ್ ಮತ್ತೆ ಪಟ್ಟಿಗೆ ಬಂದು, ಅವನಿಗೇ ಅದೇ ಮೆಸೇಜ್ ಹೋಗುತ್ತದೆ.

ರೈಟರ್ ಹೇಳಿದರು, ಕೆಳಗಿನ ರೊಬಸ್ಟಾ ಬ್ಲಾಕ್ ಫೆಬ್ರವರಿ 20ಕ್ಕೆ ಮುಗಿಯುತ್ತದೆ. ಅಲ್ಲಿಗೆ ಆ ತೋಟ ‘ಬೇರೆಯವರು’ ಗುಂಪಿನಿಂದ ‘ಆಮೇಲೆ’ಗೆ ಬಂತು, ತಾರೀಖು ಫೆಬ್ರವರಿ 24. ಅವತ್ತೇ ಹಿರಿಯರಿಗೆ ಎರಡು ಸಾಲು ಕಳಿಸಿದೆ: ರೈಟರ್ ಹತ್ತಿರ ಏನು ಮಾತಾಯಿತು, ಎಷ್ಟು ದುಡ್ಡಾಗುತ್ತದೆ. ‘ಸರಿ ಬನ್ನಿ’ ಅಂತ ಬಂತು. 24ರ ಬೆಳಿಗ್ಗೆ ಹೋದಾಗ ಗೇಟು ತೆರೆದಿತ್ತು, ರೈಟರ್ ಇಬ್ಬರು ಆಳುಗಳ ಜೊತೆ ಗುದ್ದಲಿ ಹಿಡಿದು ಕಾಯುತ್ತಿದ್ದರು.