ಸೊನ್ನೆ ಬಿಲ್ ಒಂದೇ ತಿಂಗಳಲ್ಲಿ 1,868 ಆದಾಗ

ಅಕ್ಕನ ಮನೆ ತಿಪಟೂರಿನಲ್ಲಿ. ಒಂದು ಬೆಳಿಗ್ಗೆ ಕರೆಂಟ್ ಬಿಲ್ ಆ್ಯಪ್‌ನ ಸ್ಕ್ರೀನ್‌ಶಾಟ್ ಕಳಿಸಿ, ಹಿಂದೆಯೇ ಫೋನ್ ಮಾಡಿದಳು. "ಏನೋ ಇದು? ಎರಡು ವರ್ಷದಿಂದ ಸೊನ್ನೆ ಬರ್ತಿತ್ತು, ಈ ಸಲ 1,868 ರೂಪಾಯಿ! ಮೀಟರ್ ಕೆಟ್ಟಿದೆ ಅಂತ ದೂರು ಕೊಡ್ಲಾ?"

ನಾನು ಹನ್ನೆರಡು ವರ್ಷದಿಂದ ಮನೆಗಳಿಗೆ ವೈರಿಂಗ್ ಮಾಡುತ್ತಿರುವವನು. ಬಿಲ್ ಜಾಸ್ತಿ ಬಂದವರೆಲ್ಲ ಮೊದಲು ಬೈಯುವುದು ಮೀಟರನ್ನೇ. ಹೆಚ್ಚಿನ ಸಲ ಪಾಪ ಅದರದ್ದೇನೂ ತಪ್ಪಿರುವುದಿಲ್ಲ. "ಸ್ವಲ್ಪ ತಡಿ ಅಕ್ಕ, ನೋಡಿ ಹೇಳ್ತೀನಿ" ಅಂದೆ.

ಅವಳು ಕಳಿಸಿದ್ದರಲ್ಲಿ ಕಟ್ಟಬೇಕಾದ ಮೊತ್ತ, ಕೊನೆಯ ದಿನ, ಇಷ್ಟೇ ಇತ್ತು. ಅದರಿಂದ ಏನೂ ತಿಳಿಯುವುದಿಲ್ಲ. ಪೂರ್ತಿ ಬಿಲ್ ತೆರೆದು, ಈ ತಿಂಗಳದ್ದು ಮತ್ತು ಹಿಂದಿನ ತಿಂಗಳದ್ದು ಎರಡನ್ನೂ ಕಳಿಸಲು ಹೇಳಿದೆ. ಒಂದು ಬಿಲ್ ಮಾತ್ರ ನೋಡಿದರೆ ಏರಿಕೆ ಎಲ್ಲಿಂದ ಬಂತು ಎಂದು ಗೊತ್ತಾಗುವುದಿಲ್ಲ.

ನಾನು ಮೊದಲು ನೋಡುವುದು ರೂಪಾಯಿ ಅಲ್ಲ, ರೀಡಿಂಗ್. ಈಗಿನ ರೀಡಿಂಗ್ 18,648, ಹಿಂದಿನದು 18,436. ಕಳೆದರೆ 212 ಯೂನಿಟ್. ಹೊರಗೆ ಹೋಗಿ ಮೀಟರ್ ನೋಡಲು ಅಕ್ಕನಿಗೆ ಹೇಳಿದೆ. ಬಿಲ್ ಬಂದು ಮೂರು ದಿನ ಆಗಿತ್ತು, ಅಲ್ಲಿ 18,669 ಇತ್ತು. ಅಂದರೆ ಬಿಲ್‌ನ ರೀಡಿಂಗ್ ಸರಿಯಾಗಿದೆ. ಮೀಟರ್‌ನಲ್ಲಿ ಬಿಲ್‌ಗಿಂತ ಕಡಿಮೆ ಅಂಕಿ ಇದ್ದಿದ್ದರೆ ಅಲ್ಲೇ ದೂರು ಕೊಡಬಹುದಿತ್ತು. ಹಳೆ ಬಾಕಿ, ಹೆಚ್ಚುವರಿ ಠೇವಣಿ ಏನಾದರೂ ಸೇರಿದೆಯಾ ಎಂದೂ ನೋಡಿದೆ. ಇರಲಿಲ್ಲ.

ಇನ್ನು ಲೆಕ್ಕ. ಬಿಲ್ 2025-26ರ ದರದ್ದು. ಅಕ್ಕನಿಗೆ ಈಗಲೂ ಹಳೆ ಸ್ಲ್ಯಾಬ್ ನೆನಪು: ಮೊದಲ ಐವತ್ತು ಯೂನಿಟ್‌ಗೆ ಒಂದು ದರ, ಮುಂದಿನ ಐವತ್ತಕ್ಕೆ ಇನ್ನೊಂದು, ಮೇಲೆ ಹೋದಷ್ಟೂ ದುಬಾರಿ. ಮನೆ ಬಳಕೆಗೆ ಅಂಥ ಸ್ಲ್ಯಾಬ್‌ಗಳೆಲ್ಲ 2024ರ ಏಪ್ರಿಲ್ ಹೊತ್ತಿಗೇ ಹೋಗಿದ್ದವು. ಆಮೇಲೆ ಎಲ್ಲ ಯೂನಿಟ್‌ಗೂ ಒಂದೇ ದರ, 2025-26ರಲ್ಲಿ ಅದು 5 ರೂಪಾಯಿ 80 ಪೈಸೆ ಇತ್ತು. 212 ಯೂನಿಟ್‌ಗೆ 1,229.60, ಇದು ಇಂಧನ ಶುಲ್ಕ. ನಿಗದಿತ ಶುಲ್ಕ ಬಳಕೆಯ ಮೇಲಲ್ಲ, ಮನೆಗೆ ಮಂಜೂರಾದ ಲೋಡ್ ಮೇಲೆ. ಕಿಲೋವ್ಯಾಟಿಗೆ 145 ರೂಪಾಯಿ, ಅಕ್ಕನ ಮನೆಗೆ ಮೂರು ಕಿಲೋವ್ಯಾಟ್, ಹಾಗಾಗಿ 435. ಒಂದು ಬಲ್ಬೂ ಹಾಕದೆ ಬೀಗ ಹಾಕಿಕೊಂಡು ಊರಿಗೆ ಹೋದರೂ ಈ ಸಾಲು ಬಿಲ್‌ನಲ್ಲಿ ಬರುತ್ತದೆ. ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು ಯೂನಿಟ್‌ಗೆ 36 ಪೈಸೆ, 76.32. ಇಂಧನ ಶುಲ್ಕದ ಮೇಲೆ ಶೇ 9 ತೆರಿಗೆ, 110.66. ಎಲ್ಲ ಕೂಡಿದರೆ 1,851.58. ಉಳಿದ ಹದಿನಾರು ರೂಪಾಯಿ ಚಿಲ್ಲರೆ ಇಂಧನ ವೆಚ್ಚ ಹೊಂದಾಣಿಕೆಯ ಸಾಲಿನಲ್ಲಿತ್ತು. ಅದು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಬಿಲ್ ಪೈಸೆ ಸಮೇತ ತಾಳೆಯಾಯಿತು.

"ಲೆಕ್ಕ ಸರಿ ಇದೆ ಅಂತೀಯಲ್ಲ, ಹೋದ ತಿಂಗಳು 141 ಯೂನಿಟ್‌ಗೆ ಸೊನ್ನೆ ಇತ್ತಲ್ಲೋ" ಅಂದಳು. ಅಸಲಿ ವಿಷಯ ಇರುವುದೇ ಅಲ್ಲಿ.

ಗೃಹಜ್ಯೋತಿ ಅಂದರೆ ಎಲ್ಲರಿಗೂ 200 ಯೂನಿಟ್ ಉಚಿತ ಎಂದೇ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. 2022-23ರಲ್ಲಿ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿದಷ್ಟು ಅಕ್ಕನಂಥವರ ಪಾಲು. ಅಕ್ಕನ ಸರಾಸರಿ 130, ಪಾಲು 143. ಅದರೊಳಗಿದ್ದರೆ ಬಿಲ್ ಸೊನ್ನೆ, ನಿಗದಿತ ಶುಲ್ಕವೂ ಇಲ್ಲ. 143 ದಾಟಿ 200ರೊಳಗೆ ನಿಂತರೆ ಮೇಲಿನ ಯೂನಿಟ್‌ಗಳಿಗೆ ಮಾತ್ರ ದುಡ್ಡು. 200 ದಾಟಿತೋ, ಪಾಲು ಗೀಲು ಏನೂ ಇಲ್ಲ, ಮೊದಲ ಯೂನಿಟ್‌ನಿಂದಲೇ ಪೂರ್ತಿ ಬಿಲ್.

ಅಕ್ಕ 198ಕ್ಕೆ ನಿಂತಿದ್ದರೆ ಎಷ್ಟಾಗುತ್ತಿತ್ತು ಎಂದು ಹಾಕಿ ನೋಡಿದೆ. 55 ಯೂನಿಟ್‌ಗೆ ತೆರಿಗೆ ಸೇರಿ 370ರ ಆಸುಪಾಸು. 212 ಆದದ್ದಕ್ಕೆ 1,868. ಹದಿನಾಲ್ಕು ಯೂನಿಟ್‌ಗೆ ಒಂದೂವರೆ ಸಾವಿರ! ಸ್ಲ್ಯಾಬ್ ಹೋಯಿತು ಅಂತಾರೆ, ಹೋಗಿಲ್ಲ ಕಣ್ರಿ, 200ರ ಹತ್ತಿರ ಬಂದು ಕೂತಿದೆ.

ಅಷ್ಟಕ್ಕೂ 141 ಇದ್ದದ್ದು 212 ಆಗಿದ್ದು ಯಾಕೆ? ಎರಡೂ ಬಿಲ್‌ಗಳ ತಾರೀಖು ನೋಡಿದೆ. ಹಿಂದಿನದು 29 ದಿನದ್ದು, ಇದು 31 ದಿನದ್ದು. ದಿನಕ್ಕೆ ಹಂಚಿದರೆ ಆಗ 4.86 ಯೂನಿಟ್, ಈಗ 6.84. ಎರಡು ದಿನ ಹೆಚ್ಚಿದ್ದಕ್ಕೆ ಹೋದದ್ದು ಸುಮಾರು ಹತ್ತು ಯೂನಿಟ್, ಅಷ್ಟೇ. ಮಿಕ್ಕಿದ್ದು ನಿಜವಾದ ಏರಿಕೆ: ದಿನಕ್ಕೆ ಎರಡು ಯೂನಿಟ್. ಹೀಗೆ ಪ್ರಶ್ನೆ ಚಿಕ್ಕದಾಯಿತು. ದಿನಕ್ಕೆ ಎರಡು ಯೂನಿಟ್ ಹೊಸದಾಗಿ ತಿನ್ನುತ್ತಿರುವುದು ಯಾವುದು?

ಆ ಭಾನುವಾರ ತಿಪಟೂರಿಗೆ ಹೋದೆ. ಮನೆಯ ಎಲ್ಲ ಸ್ವಿಚ್ ಆರಿಸಿ, ಫ್ರಿಜ್ ಪ್ಲಗ್ಗೂ ಕಿತ್ತು, ಮೇನ್ ಮಾತ್ರ ಆನ್ ಇಟ್ಟು ಮೀಟರ್ ಮುಂದೆ ನಿಂತೆ. ಅದರ ಕೆಂಪು ದೀಪ ಮಿಣುಕಲಿಲ್ಲ. ಹಾಗಾದರೆ ವೈರಿಂಗ್‌ನಲ್ಲಿ ಸೋರಿಕೆ ಇಲ್ಲ, ಪಕ್ಕದವರು ಎಳೆದುಕೊಂಡೂ ಇಲ್ಲ. ಮೀಟರ್ ಮೇಲೆ `3200 imp/kWh` ಎಂದು ಬರೆದಿತ್ತು. 3,200 ಸಲ ಮಿಣುಕಿದರೆ ಒಂದು ಯೂನಿಟ್ ಎಂದರ್ಥ. ಈ ಅಂಕಿ ಮೀಟರಿಂದ ಮೀಟರಿಗೆ ಬೇರೆ ಇರುತ್ತದೆ, ನಿಮ್ಮದನ್ನು ನೋಡಿಕೊಳ್ಳಿ. ಆಮೇಲೆ ಒಂದೊಂದೇ ಆನ್ ಮಾಡಿ, ಮೊಬೈಲ್‌ನಲ್ಲಿ ಒಂದು ನಿಮಿಷ ಇಟ್ಟುಕೊಂಡು ಎಣಿಸಿದೆ. ಫ್ರಿಜ್, ಫ್ಯಾನ್, ಟಿವಿ ಯಾವುದರಲ್ಲೂ ವಿಶೇಷವಿಲ್ಲ. ಬೋರ್‌ವೆಲ್ ಮೋಟರ್ ಹಾಕಿದಾಗ ನಿಮಿಷಕ್ಕೆ 80 ಸಲ. ಗಂಟೆಗೆ 4,800, ಅಂದರೆ ಒಂದೂವರೆ ಯೂನಿಟ್. ಒಂದೂವರೆ ಎಚ್‌ಪಿ ಮೋಟರ್‌ಗೆ ಅದು ಸಹಜವೇ.

ಮೋಟರ್ ಸರಿ ಇದೆ, ಸರಿ. ಎಷ್ಟು ಹೊತ್ತು ಓಡುತ್ತಿದೆ? ಅಕ್ಕನಿಗೆ ಗೊತ್ತಿರಲಿಲ್ಲ. ಅಕ್ಕನ ಅತ್ತೆ ಹೇಳಿದರು, "ಮುಂಚೆ ಅರ್ಧ ಗಂಟೆಗೆ ಟ್ಯಾಂಕ್ ತುಂಬೋದಪ್ಪ. ಈಗ ಬೇಸಿಗೆ ಬಂದ್ಮೇಲೆ ನೀರು ಸಣ್ಣಗೆ ಬರುತ್ತೆ, ಎರಡು ಗಂಟೆ ಹತ್ರ ಬಿಡ್ತೀನಿ." ಸಿಕ್ಕಿತು. ದಿನಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷ ಜಾಸ್ತಿ ಓಡಿದರೆ ಸರಿಯಾಗಿ ಎರಡು ಯೂನಿಟ್.

ಬೋರ್‌ನಲ್ಲಿ ನೀರು ಕೆಳಗೆ ಹೋದಾಗ ಮೋಟರನ್ನು ಸುಮ್ನೆ ಓಡಿಸುತ್ತಾ ಇದ್ದರೆ ಕರೆಂಟ್ ಹೋಗುತ್ತದೆ, ನೀರು ಬರುವುದಿಲ್ಲ. ನೀರು ಪೂರ್ತಿ ನಿಂತ ಮೇಲೂ ಓಡಿದರೆ ಮೋಟರ್ ಸುಟ್ಟೇ ಹೋದೀತು. ಬೆಳಿಗ್ಗೆ ಇಪ್ಪತ್ತು ನಿಮಿಷ ಬಿಟ್ಟು ನಿಲ್ಲಿಸಿ, ಬೋರ್‌ನಲ್ಲಿ ನೀರು ಊರಲು ಬಿಟ್ಟು, ಸಂಜೆ ಮತ್ತೆ ಇಪ್ಪತ್ತು ನಿಮಿಷ ಬಿಡಿ ಎಂದೆ. ಟ್ಯಾಂಕ್ ಬಾಯಿವರೆಗೆ ತುಂಬುವುದಿಲ್ಲ ಎಂದು ಅತ್ತೆಗೆ ಮೊದಲ ವಾರ ಸಮಾಧಾನವೇ ಇರಲಿಲ್ಲ. ಚಾವಣಿ ಮೇಲಿನ ಗಿಡಗಳಿಗೆ ಪಾತ್ರೆ ತೊಳೆದ ನೀರು ಹಾಕಿ ಹೇಗೋ ಸರಿದೂಗಿಸಿದರು.

ಅಕ್ಕನಿಗೆ ಇನ್ನೊಂದು ಕೆಲಸ ಕೊಟ್ಟೆ: ರೀಡಿಂಗ್ ಆದ ಮೇಲೆ ಹತ್ತನೇ ದಿನ, ಇಪ್ಪತ್ತನೇ ದಿನ ಮೀಟರ್ ಫೋಟೊ ತೆಗೆಯುವುದು. ಇಪ್ಪತ್ತು ದಿನಕ್ಕೆ 130 ದಾಟಿದ್ದರೆ 200ರ ಗೆರೆ ಹತ್ತಿರ ಬಂತು ಎಂದು ಲೆಕ್ಕ, ಉಳಿದ ಹತ್ತು ದಿನ ಕೈ ಹಿಡಿಯಲು ಸಮಯ ಸಿಗುತ್ತದೆ. ಮುಂದಿನ ತಿಂಗಳು ಇಪ್ಪತ್ತನೇ ದಿನ 111 ಇತ್ತು. ಬಿಲ್ ಬಂದಾಗ 30 ದಿನಕ್ಕೆ 164 ಯೂನಿಟ್, ಕಟ್ಟಿದ್ದು 140 ರೂಪಾಯಿ ಚಿಲ್ಲರೆ. ಅಕ್ಕ ಈ ಸಲವೂ ಸ್ಕ್ರೀನ್‌ಶಾಟ್ ಕಳಿಸಿದಳು, ಪೂರ್ತಿ ಬಿಲ್‌ನದ್ದು. ಕೆಳಗೆ ಬರೆದಿದ್ದಳು: "21 ಯೂನಿಟ್ ಇನ್ನೂ ಜಾಸ್ತಿ ಇದೆ. ಗೀಸರ್ ಇರಬಹುದಾ?"