ಟೋಫೆಲ್ ಸ್ಕೋರು: ಎರಡು ವರ್ಷದ ಲೆಕ್ಕ, ಆರು ಯೂನಿವರ್ಸಿಟಿ, ನಾಲ್ಕು ಫ್ರೀ ರಿಪೋರ್ಟು

ಅಮೆರಿಕಕ್ಕೆ ಎಂ.ಎಸ್. ಮಾಡೋಕೆ ಅರ್ಜಿ ಹಾಕುವಾಗ ನಾನು ದಾವಣಗೆರೆಯಲ್ಲೇ ಇದ್ದೆ. ವಿದ್ಯಾನಗರದ ಕಡೆ ಒಂದು ಕನ್ಸಲ್ಟೆನ್ಸಿಗೆ ಹೋಗಿ ಟೋಫೆಲ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬಗ್ಗೆ ಕೇಳಿದರೆ, "ಸ್ಕೋರ್ ಐದು ವರ್ಷ ಇರುತ್ತೆ ಸರ್, ಈಗಲೇ ಬರೆದು ಮುಗಿಸಿಬಿಡಿ" ಅಂದರು. ಐದು ವರ್ಷ ಇರೋದು ಎಂ.ಎಸ್. ಅರ್ಜಿಗೆ ಬರೆಯುವ ಇನ್ನೊಂದು ಪರೀಕ್ಷೆ ಜಿಆರ್‌ಇಗೆ. ಟೋಫೆಲ್‌ಗೆ ಎರಡೇ ವರ್ಷ. ಎರಡನ್ನೂ ನಡೆಸೋದು ಇಟಿಎಸ್ ಅನ್ನೋ ಒಂದೇ ಸಂಸ್ಥೆ ಆದ್ದರಿಂದ ತುಂಬಾ ಜನ ಕಲಸಿಕೊಳ್ಳುತ್ತಾರೆ.

ಈ ಎರಡು ವರ್ಷ ಶುರುವಾಗೋದು ರಿಸಲ್ಟ್ ಬಂದ ದಿನದಿಂದಲ್ಲ, ಪರೀಕ್ಷೆ ಬರೆದ ದಿನದಿಂದ. ನಾನು ಬರೆದದ್ದು 2023ರ ಸೆಪ್ಟೆಂಬರ್ 16, ಶನಿವಾರ. ಹಾಗಾಗಿ ನನ್ನ ಸ್ಕೋರಿನ ಆಯಸ್ಸು 2025ರ ಸೆಪ್ಟೆಂಬರ್ ಮಧ್ಯದವರೆಗೆ. ಅದು ದಾಟಿದ ಮೇಲೆ ಇಟಿಎಸ್ ಆ ಸ್ಕೋರನ್ನು ಯಾವ ಯೂನಿವರ್ಸಿಟಿಗೂ ಕಳಿಸಲ್ಲ. ದುಡ್ಡು ಕೊಡ್ತೀನಿ ಅಂದರೂ ಇಲ್ಲ, ಮತ್ತೆ ಪರೀಕ್ಷೆ ಬರೆಯಬೇಕು ಅಷ್ಟೇ.

ಇಷ್ಟು ಎಲ್ಲರೂ ಹೇಳುತ್ತಾರೆ. ಯಾರೂ ಹೇಳದೇ ಇದ್ದದ್ದು ಇನ್ನೊಂದು: ಎರಡು ವರ್ಷ ಮುಗಿದಿದೆಯಾ ಇಲ್ಲವಾ ಅಂತ ಯೂನಿವರ್ಸಿಟಿ ಯಾವ ದಿನ ನೋಡುತ್ತದೆ? ಇದು ಒಂದೊಂದು ಕಡೆ ಒಂದೊಂದು ಥರ. ಕೆಲವು ಕಡೆ ಅರ್ಜಿ ಹಾಕಿದ ದಿನ ಸ್ಕೋರ್ ಜೀವಂತ ಇದ್ದರೆ ಸಾಕು. ಕೆಲವು ಕಡೆ ಅರ್ಜಿಯ ಕೊನೇ ದಿನಾಂಕವನ್ನು ಹಿಡಿಯುತ್ತಾರೆ. ಇನ್ನು ಕೆಲವರು ಕ್ಲಾಸು ಶುರುವಾಗುವ ದಿನದವರೆಗೂ ಇರಬೇಕು ಅಂತಾರೆ. ಮೂರನೆಯದೇ ತೊಂದರೆ ಕೊಡೋದು, ಯಾಕಂದರೆ ಅರ್ಜಿ ಹಾಕೋದು ಡಿಸೆಂಬರ್‌ನಲ್ಲಿ, ಕ್ಲಾಸು ಶುರುವಾಗೋದು ಮುಂದಿನ ಆಗಸ್ಟ್‌ನಲ್ಲಿ, ಮಧ್ಯೆ ಎಂಟು ತಿಂಗಳು ಹೋಗಿಬಿಡುತ್ತೆ. ಒಂದು ವೇಳೆ ಸೀಟನ್ನು ಒಂದು ವರ್ಷ ಮುಂದಕ್ಕೆ ಹಾಕಿಸಿಕೊಂಡರೆ, ಅದರ ಮೇಲೆ ಇನ್ನೂ ಹನ್ನೆರಡು ತಿಂಗಳು.

ನಾನು 2023ರ ಜೂನ್‌ನಲ್ಲೇ ಬರೆಯಬಹುದಿತ್ತು, ತಯಾರಿಯೂ ಆಗಿತ್ತು. ಆದರೂ ಸೆಪ್ಟೆಂಬರ್‌ಗೆ ದೂಡಿದೆ. ಲೆಕ್ಕ ಇಷ್ಟೇ: ಜೂನ್‌ನಲ್ಲಿ ಬರೆದರೆ 2025ರ ಜೂನ್‌ಗೆ ಮುಗಿಯುತ್ತೆ. 2024ರ ಆಗಸ್ಟ್‌ಗೆ ಹೋಗೋದಾದರೆ ತೊಂದರೆ ಇಲ್ಲ. ಆದರೆ ಮನೆಯಲ್ಲಿ ಲೋನ್ ವಿಷಯ ಇನ್ನೂ ಇತ್ಯರ್ಥ ಆಗಿರಲಿಲ್ಲ, ಒಂದು ವರ್ಷ ತಡವಾಗುವ ಸಾಧ್ಯತೆ ಚೆನ್ನಾಗಿಯೇ ಇತ್ತು, ಹಾಗೆ ತಡವಾದರೆ 2025ರ ಆಗಸ್ಟ್‌ನಲ್ಲಿ ಕ್ಲಾಸು ಶುರುವಾಗುವ ಹೊತ್ತಿಗೆ ಜೂನ್ ಸ್ಕೋರು ಸತ್ತಿರುತ್ತಿತ್ತು. ಸೆಪ್ಟೆಂಬರ್ ಸ್ಕೋರಾದರೆ ಒಂದು ತಿಂಗಳ ಅಂತರದಲ್ಲಿ ಉಳಿದುಕೊಳ್ಳುತ್ತೆ. ಹಾಗಂತ ನವೆಂಬರ್‌ಗೆ ದೂಡೋಕೂ ಆಗಲ್ಲ. ನಾನು ಹಾಕಬೇಕಿದ್ದ ಒಂದು ಕಡೆ ಡಿಸೆಂಬರ್ 1ಕ್ಕೇ ಅರ್ಜಿ ಮುಗಿಯುತ್ತಿತ್ತು, ರಿಪೋರ್ಟು ಅಲ್ಲಿಗೆ ತಲುಪೋಕೂ ಟೈಮ್ ಬೇಕಲ್ವಾ.

ಈಗ ರಿಪೋರ್ಟು ಕಳಿಸೋ ವಿಷಯ. ಟೋಫೆಲ್ ಫೀಸಿನಲ್ಲೇ ನಾಲ್ಕು ಯೂನಿವರ್ಸಿಟಿಗೆ ಅಧಿಕೃತ ರಿಪೋರ್ಟು ಫ್ರೀ. ಆದರೆ ಪರೀಕ್ಷೆಯ ಹಿಂದಿನ ದಿನ ರಾತ್ರಿ 10 ಗಂಟೆಯೊಳಗೆ ನಿಮ್ಮ ಇಟಿಎಸ್ ಅಕೌಂಟಿನಲ್ಲಿ ಆ ನಾಲ್ಕು ಹೆಸರು ಹಾಕಿರಬೇಕು. ಆಮೇಲೆ ಸೇರಿಸೋಕೂ ಆಗಲ್ಲ, ತೆಗೆಯೋಕೂ ಆಗಲ್ಲ. ಐದನೆಯದರಿಂದ ಒಂದೊಂದಕ್ಕೂ ಬೇರೆ ದುಡ್ಡು. ನನಗೆ ಒಂದಕ್ಕೆ ಎರಡು ಸಾವಿರ ರೂಪಾಯಿ ಆಸುಪಾಸು ಬಿತ್ತು.

ನನ್ನ ಪಟ್ಟಿಯಲ್ಲಿ ಆರು ಇದ್ದವು. ಯಾವ ನಾಲ್ಕಕ್ಕೆ ಫ್ರೀ? ಎಲ್ಲರೂ ತಮಗೆ ಇಷ್ಟವಾದ ನಾಲ್ಕನ್ನು ಹಾಕುತ್ತಾರೆ. ನಾನು ನೋಡಿದ್ದು ಬೇರೆ. ಅಮೆರಿಕದ ಎಷ್ಟೋ ಯೂನಿವರ್ಸಿಟಿಗಳು ಅರ್ಜಿ ಹಾಕುವಾಗ ಅಧಿಕೃತ ರಿಪೋರ್ಟು ಕೇಳಲ್ಲ. ನಿಮ್ಮ ಅಕೌಂಟಿನಲ್ಲಿ ಸಿಗುವ ಪಿಡಿಎಫ್ ಅಪ್‌ಲೋಡ್ ಮಾಡಿ, ಅಂಕ ಟೈಪ್ ಮಾಡಿ, ಸೀಟು ಸಿಕ್ಕಿದರೆ ಮಾತ್ರ ಅಧಿಕೃತ ರಿಪೋರ್ಟು ಕಳಿಸಿ ಅಂತಾರೆ. ಬೇರೆ ಕೆಲವು ಕಡೆ ಅಧಿಕೃತ ರಿಪೋರ್ಟು ಬಂದು ಸೇರುವವರೆಗೆ ಫೈಲನ್ನು ಓದೋಕೇ ಎತ್ತಿಕೊಳ್ಳಲ್ಲ. ನಾನು ಆರರ ಅಡ್ಮಿಷನ್ ಪೇಜ್‌ಗಳನ್ನೂ ಓದಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೂರು ಕಡೆ ಈಗಲೇ ಬೇಕು, ಮೂರು ಕಡೆ ಆಮೇಲೆ ಸಾಕು. ಈಗಲೇ ಬೇಕು ಅನ್ನುವ ಮೂರಕ್ಕೆ ಫ್ರೀ ರಿಪೋರ್ಟು ಹೋಯಿತು. ನಾಲ್ಕನೆಯದನ್ನು ಸುಮ್ನೆ ಬಿಡೋದ್ಯಾಕೆ ಅಂತ ಉಳಿದ ಮೂರರಲ್ಲಿ ಸೀಟು ಸಿಗುವ ಸಾಧ್ಯತೆ ಜಾಸ್ತಿ ಇದ್ದ ಒಂದಕ್ಕೆ ಹಾಕಿದೆ. ಇನ್ನೆರಡಕ್ಕೆ ಸೀಟು ಬಂದರೆ ದುಡ್ಡು ಕಟ್ಟೋಣ ಅಂತ ಬಿಟ್ಟೆ. ಒಂದರಿಂದ ಬಂತು, ಇನ್ನೊಂದು ಕಡೆಯಿಂದ ಇಲ್ಲ ಅಂತ ಉತ್ತರ ಬಂತು. ಆ ಎರಡು ಸಾವಿರ ಉಳಿಯಿತು.

ಹೆಸರು ಹಾಕುವಾಗ ಕೋಡ್ ನೋಡಿಕೊಳ್ಳಿ. ಪ್ರತಿ ಯೂನಿವರ್ಸಿಟಿಗೂ ಇಟಿಎಸ್‌ನಲ್ಲಿ ನಾಲ್ಕಂಕಿಯ ಕೋಡ್ ಇರುತ್ತೆ. ಟೆಕ್ಸಾಸ್ ಅಂತ ಹುಡುಕಿದರೆ ಒಂದೇ ಥರದ ಹೆಸರುಗಳ ಉದ್ದ ಪಟ್ಟಿ ಬರುತ್ತೆ. ಯೂನಿವರ್ಸಿಟಿ ಆಫ್ ಟೆಕ್ಸಾಸ್‌ನಲ್ಲೇ ಡಲ್ಲಾಸ್ 6897, ಆರ್ಲಿಂಗ್ಟನ್ 6013, ಆಸ್ಟಿನ್ 6882. ಒಂದರದ್ದು ಇನ್ನೊಂದಕ್ಕೆ ಹೋದರೆ ಅವರು ದಾಟಿಸುತ್ತಾರೆ ಅಂತ ನಂಬಬೇಡಿ, ಅವು ಬೇರೆ ಬೇರೆ ಯೂನಿವರ್ಸಿಟಿಗಳೇ. ಹಾಗಾಗಿ ಕೋಡನ್ನು ಯೂನಿವರ್ಸಿಟಿಯ ಅಡ್ಮಿಷನ್ ಪೇಜಿನಿಂದಲೇ ತೆಗೆದುಕೊಂಡು, ಇಟಿಎಸ್ ಪಟ್ಟಿಯಲ್ಲಿ ಬರುವ ಊರಿನ ಹೆಸರಿನ ಜೊತೆ ಹೋಲಿಸಿ ನೋಡಿ. ಡಿಪಾರ್ಟ್‌ಮೆಂಟ್ ಕೋಡ್ ಅಂತ ಇನ್ನೊಂದು ಕೇಳುತ್ತೆ. ಅದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ, ಯಾವುದಾದರೂ ನಡೆಯುತ್ತೆ ಅಂತ ಎಷ್ಟೋ ಯೂನಿವರ್ಸಿಟಿಗಳೇ ಬರೆದಿರುತ್ತವೆ.

ಪರೀಕ್ಷೆ ಬೆಂಗಳೂರಿನಲ್ಲಿತ್ತು. ಹಿಂದಿನ ಸಂಜೆ ಲಾಡ್ಜ್‌ನಲ್ಲಿ ಕೂತು ಫೋನಿನಲ್ಲೇ ನಾಲ್ಕು ಹೆಸರನ್ನೂ ಇನ್ನೊಮ್ಮೆ ನೋಡಿದೆ. ಬರೆದು ವಾಪಸ್ ಬರೋದೇ ದೊಡ್ಡ ಪರೀಕ್ಷೆ ಆಯಿತು. ಗೌರಿ-ಗಣೇಶ ಹಬ್ಬದ ವಾರ, ದಾವಣಗೆರೆ ಕಡೆ ಬಸ್ಸಿನಲ್ಲಿ ಕಾಲಿಡೋಕೂ ಜಾಗ ಇರಲಿಲ್ಲ.

ಸ್ಕೋರು ಬಂತು, ನಾಲ್ಕು ಕಡೆಗೂ ಹೋಗಿದೆ ಅಂತ ಇಟಿಎಸ್ ಅಕೌಂಟು ತೋರಿಸಿತು. ಅರ್ಜಿಗಳನ್ನು ಹಾಕಿದ ಮೇಲೆ ಮೂರು ಯೂನಿವರ್ಸಿಟಿಗಳ ಚೆಕ್‌ಲಿಸ್ಟ್‌ನಲ್ಲಿ ಒಂದೆರಡು ವಾರದೊಳಗೆ ಟೋಫೆಲ್ ಮುಂದೆ ಹಸಿರು ಟಿಕ್ ಬಿತ್ತು. ಅರ್ಜಿಗಿಂತ ಮೊದಲೇ ರಿಪೋರ್ಟು ಹೋದರೆ ಕಳೆದುಹೋಗುತ್ತೆ ಅಂತ ಹೆದರಬೇಡಿ, ಅದನ್ನು ಇಟ್ಟುಕೊಂಡು ಆಮೇಲೆ ಅರ್ಜಿಗೆ ಜೋಡಿಸುತ್ತಾರೆ. ನಾಲ್ಕನೆಯ ಕಡೆ ಮಾತ್ರ Awaiting ಅಂತಲೇ ಇತ್ತು. ಮತ್ತೆ ದುಡ್ಡು ಕಟ್ಟಿ ಇನ್ನೊಂದು ಸಲ ಕಳಿಸೋದಾ ಅಂತ ಅನ್ನಿಸಿದ್ದು ನಿಜ. ಆದರೆ ಅದರಿಂದ ಏನೂ ಆಗುತ್ತಿರಲಿಲ್ಲ. ರಿಪೋರ್ಟು ಅಲ್ಲಿಗೆ ಹೋಗಿತ್ತು, ನನ್ನ ಫೈಲಿಗೆ ಸೇರಿರಲಿಲ್ಲ ಅಷ್ಟೇ.

ಕಾರಣ ನಮ್ಮ ಕಡೆಯ ಹೆಸರು. ಪಾಸ್‌ಪೋರ್ಟಿನಲ್ಲಿ ನನ್ನ ಸರ್‌ನೇಮ್ ಅಂತ ಅಪ್ಪನ ಪೂರ್ತಿ ಹೆಸರಿದೆ. ಪರೀಕ್ಷೆಗೆ ನಾನು ಗುರುತಿನ ಚೀಟಿ ಅಂತ ಕೊಟ್ಟದ್ದು ಪಾಸ್‌ಪೋರ್ಟೇ ಆದ್ದರಿಂದ ಇಟಿಎಸ್‌ನಲ್ಲೂ ಅದೇ. ಮಾರ್ಕ್ಸ್ ಕಾರ್ಡಿನಲ್ಲಿ ಮಾತ್ರ ಹೆಸರಿನ ಮುಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಆ ಯೂನಿವರ್ಸಿಟಿ ಡಿಗ್ರಿ ದಾಖಲೆಯಲ್ಲಿ ಇರುವ ಹಾಗೆಯೇ ಹೆಸರು ತುಂಬಿ ಅಂದಿತ್ತು, ಹಾಗೇ ತುಂಬಿದ್ದೆ. ಅವರ ಕಂಪ್ಯೂಟರು ಹೆಸರು, ಹುಟ್ಟಿದ ದಿನಾಂಕ ಇಂಥವನ್ನು ತಾಳೆ ನೋಡಿ ಜೋಡಿಸುತ್ತೆ. ಒಂದು ಕಡೆ ಎರಡಕ್ಷರದ ಸರ್‌ನೇಮ್, ಇನ್ನೊಂದು ಕಡೆ ಪೂರ್ತಿ ಹೆಸರು, ಹೇಗೆ ಜೋಡಿಸಬೇಕು ಅದು? ಅಡ್ಮಿಷನ್ ಆಫೀಸಿಗೆ ಇಮೇಲ್ ಬರೆದೆ. ಅರ್ಜಿಯ ಐಡಿ, ಟೋಫೆಲ್ ರಿಪೋರ್ಟಿನಲ್ಲಿರುವ ಅಪಾಯಿಂಟ್‌ಮೆಂಟ್ ನಂಬರು, ಪರೀಕ್ಷೆಯ ದಿನಾಂಕ, ಇಟಿಎಸ್‌ನಲ್ಲಿರುವ ಹೆಸರು, ಅರ್ಜಿಯಲ್ಲಿರುವ ಹೆಸರು, ಇಬ್ಬರೂ ಒಬ್ಬನೇ ಅನ್ನೋಕೆ ಪಾಸ್‌ಪೋರ್ಟಿನ ಪ್ರತಿ. ಸಬ್ಜೆಕ್ಟಿನಲ್ಲೇ ಅರ್ಜಿ ಐಡಿ ಹಾಕಿದ್ದೆ. ಕೆಲವೇ ದಿನದಲ್ಲಿ ಕೈಯಾರೆ ಹುಡುಕಿ ಸೇರಿಸಿದರು. ನಮ್ಮ ಕಡೆಯವರಲ್ಲಿ ಇನಿಷಿಯಲ್ ಇಲ್ಲದವರು ಯಾರು? ಆದ್ದರಿಂದ Awaiting ಅಂತ ಎರಡು ವಾರ ದಾಟಿದರೆ ಮೊದಲು ಹೆಸರನ್ನೇ ಅನುಮಾನಿಸಿ.

ಕೊನೆಗೆ ಹೆದರಿದ್ದೇ ಆಯಿತು, 2024ರಲ್ಲಿ ಲೋನ್ ಕೈಗೆ ಬರಲಿಲ್ಲ. ಸೀಟನ್ನು 2025ರ ಆಗಸ್ಟ್‌ಗೆ ಮುಂದೂಡಿಸಿಕೊಂಡೆ. ಅವರ ಹತ್ತಿರ ರಿಪೋರ್ಟು ಆಗಲೇ ಇತ್ತು, ಕ್ಲಾಸು ಶುರುವಾಗುವಾಗಲೂ ಎರಡು ವರ್ಷ ಮುಗಿದಿರಲ್ಲ, ಹಾಗಾಗಿ ಹೊಸದಾಗಿ ಏನೂ ಕೇಳಲಿಲ್ಲ. ಒಂದು ಕೈ ನೋಡೋಣ ಅಂತ 2025ರ ಜನವರಿಯಲ್ಲಿ ಇನ್ನೊಂದು ಯೂನಿವರ್ಸಿಟಿಗೂ ಅರ್ಜಿ ಹಾಕಿ, ಅದಕ್ಕೆ ದುಡ್ಡು ಕಟ್ಟಿ ಅದೇ ಹಳೇ ಸ್ಕೋರು ಕಳಿಸಿದೆ. ಅದೇ 2026ರ ಜನವರಿ ಬ್ಯಾಚ್‌ಗೆ ಅಂದಿದ್ದರೆ, ಕ್ಲಾಸು ಶುರುವಾಗುವ ದಿನ ನೋಡುವವರ ಹತ್ತಿರ ಆ ಸ್ಕೋರು ನಡೆಯುತ್ತಿರಲಿಲ್ಲ.

ಐಇಎಲ್‌ಟಿಎಸ್ ಅನ್ನೋ ಇನ್ನೊಂದು ಇಂಗ್ಲಿಷ್ ಪರೀಕ್ಷೆ ಬರೆಯುವವರಿಗೆ ಇದೇ ಲೆಕ್ಕ ಪೂರ್ತಿ ಹೊಂದಲ್ಲ. ಚಿತ್ರದುರ್ಗದಲ್ಲಿರುವ ನಮ್ಮ ಚಿಕ್ಕಪ್ಪನ ಮಗಳು ಇಂಗ್ಲೆಂಡಿಗೆ ಹೋಗೋಕೆ ಅದನ್ನು ಬರೆದಳು. "ಅಣ್ಣಾ, ನಾನು ಎಲ್ಲೆಲ್ಲಿಗೆ ರಿಪೋರ್ಟು ಕಳಿಸಬೇಕು?" ಅಂತ ಫೋನ್ ಮಾಡಿದಳು. ನೋಡಿದರೆ ಅವಳು ಹಾಕಿದ್ದ ಯಾವ ಯೂನಿವರ್ಸಿಟಿಗೂ ಕಳಿಸಬೇಕಾಗಿಯೇ ಇರಲಿಲ್ಲ. ಅವಳ ರಿಪೋರ್ಟ್ ಫಾರ್ಮಿನಲ್ಲಿರುವ ಟಿಆರ್‌ಎಫ್ ನಂಬರು ಕೊಟ್ಟರೆ ಅವರೇ ಆನ್‌ಲೈನ್‌ನಲ್ಲಿ ಪರಿಶೀಲಿಸಿಕೊಳ್ಳುತ್ತಾರೆ. ಇಂಥದ್ದೇ ಮತ್ತೊಂದು ಇಂಗ್ಲಿಷ್ ಪರೀಕ್ಷೆ ಪಿಟಿಇ ಬರೆದವರಿಗಂತೂ ಅಕೌಂಟಿನಿಂದ ಎಷ್ಟು ಕಡೆಗೆ ಬೇಕಾದರೂ ಫ್ರೀಯಾಗಿ ಕಳಿಸಬಹುದು. ಅವಧಿ ಮಾತ್ರ ಅಲ್ಲೂ ಎರಡೇ ವರ್ಷ. ಅವಳ ಆಫರ್ ಲೆಟರಿನಲ್ಲಿ ಯಾವ ದಿನ ಹಿಡಿದು ಎಣಿಸುತ್ತಾರೆ ಅಂತ ಬರೆದಿರಲಿಲ್ಲ. ಇಮೇಲ್ ಮಾಡಿ ಕೇಳು, ಫೋನಿನಲ್ಲಿ ಹೇಳಿದ್ದನ್ನು ನೆಚ್ಚಿಕೊಳ್ಳಬೇಡ, ಉತ್ತರ ಬಂದದ್ದನ್ನು ಎತ್ತಿಟ್ಟುಕೋ ಅಂತ ಹೇಳಿದೆ. ಕೋರ್ಸು ಶುರುವಾಗುವ ದಿನ ಅಂತ ಬರೆದು ಕಳಿಸಿದರು, ಅವಳ ಸ್ಕೋರಿಗೆ ಅದಾದ ಮೇಲೂ ಐದು ತಿಂಗಳು ಬಾಕಿ ಇತ್ತು.